ಕಂಪನಿ ಹುಟ್ಟಿದ ವರ್ಷ, ಕೇಂದ್ರ ಕಚೇರಿ: ಪರಿಚಯ ಬರೆಯುವವರಿಗೆ ಸೂಚನೆ

ಕಂಪನಿಗಳ ಪರಿಚಯ ಬರೆಯುವವರೂ ಅದನ್ನು ತಿದ್ದುವವರೂ ಈ ಸೂಚನೆಯನ್ನು ಪಾಲಿಸಬೇಕು. ತಪ್ಪು ವರ್ಷ ಒಮ್ಮೆ ಅಚ್ಚಾದರೆ ನಾಳೆ ಇನ್ನೊಬ್ಬರು ಅದನ್ನೇ ಆಧಾರವಾಗಿ ತೋರಿಸುತ್ತಾರೆ.

ಮಾಡಬೇಕಾದ್ದು

ಎರಡು ಜಾಲತಾಣಗಳಲ್ಲಿ ಎರಡು ವರ್ಷ ಕಂಡರೆ, ಯಾವುದು ಸುಳ್ಳು ಎಂದು ಹುಡುಕಲು ಹೊರಡಬೇಡಿ. ಯಾವ ವರ್ಷದಲ್ಲಿ ಏನು ನಡೆಯಿತು ಎಂದು ಮೊದಲು ಕೇಳಿ. ಬೆಂಗಳೂರಿನ ಎಚ್‌ಎಎಲ್‌ಗೆ ಒಂದು ಕಡೆ 1940, ಇನ್ನೊಂದು ಕಡೆ 1963, ಮತ್ತೊಂದು ಕಡೆ 1964 ಎಂದಿರುತ್ತದೆ. ಮೂರಕ್ಕೂ ದಾಖಲೆಯಿದೆ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿದ್ದು 1940ರ ಡಿಸೆಂಬರ್‌ನಲ್ಲಿ. ಮಿಗ್ ವಿಮಾನಗಳ ತಯಾರಿಕೆಗೆಂದು ಕೇಂದ್ರ ಸರ್ಕಾರ ಏರೋನಾಟಿಕ್ಸ್ ಇಂಡಿಯಾ ಎಂಬ ಬೇರೆಯೇ ಕಂಪನಿಯನ್ನು ನೋಂದಾಯಿಸಿದ್ದು 1963ರ ಆಗಸ್ಟ್‌ನಲ್ಲಿ. ಹಳೆಯ ಕಂಪನಿ ಹೊಸದರೊಳಗೆ ಸೇರಿ, ಹಿಂದೂಸ್ತಾನ್ ಏರೋನಾಟಿಕ್ಸ್ ಎಂಬ ಹೆಸರು ಬಂದದ್ದು 1964ರ ಅಕ್ಟೋಬರ್ 1ರಂದು. ಕೆಲಸ ಶುರುವಾದ ಕಥೆ ಹೇಳುವಾಗ 1940 ಬರೆಯಿರಿ. ಕಾನೂನಿನ ಕಣ್ಣಿಗೆ ಇಂದಿನ ಕಂಪನಿ ಎಂದಿನಿಂದ ಇದೆ ಎಂದು ಹೇಳುವಾಗ 1963 ಬರೆಯಿರಿ. 1964 ಹೆಸರಿನ ವರ್ಷ, ವಿಲೀನದ ವರ್ಷ.

ನೋಂದಣಿಯ ವರ್ಷವನ್ನು ಕಂಪನಿಯ ಗುರುತಿನ ಸಂಖ್ಯೆಯಲ್ಲೇ ಓದಿಕೊಳ್ಳಿ. ಕಂಪನಿಯ ಲೆಟರ್‌ಹೆಡ್‌, ಬಿಲ್ಲುಗಳಲ್ಲಿ ಈ ಸಂಖ್ಯೆಯೂ ನೋಂದಾಯಿತ ಕಚೇರಿಯ ವಿಳಾಸವೂ ಇರಲೇಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಎಚ್‌ಎಎಲ್‌ನದು ಹೀಗಿದೆ:

```
L35301KA1963GOI001622
```

ಒಟ್ಟು 21 ಅಕ್ಷರ, ಅಂಕಿ. ಮೊದಲ L ಎಂದರೆ ಷೇರು ಪೇಟೆಯಲ್ಲಿರುವ ಕಂಪನಿ. ಇಲ್ಲದಿದ್ದರೆ U ಇರುತ್ತದೆ. ಮುಂದಿನ ಐದು ಅಂಕಿ ಉದ್ಯಮದ್ದು, ಆಮೇಲಿನ KA ರಾಜ್ಯದ್ದು, ಅದರ ನಂತರ ನೋಂದಣಿಯ ವರ್ಷ. ಇಲ್ಲಿ 1963 ಇದೆ, 1940 ಇಲ್ಲ. ಹಳೆಯ ಕಂಪನಿ ವಿಲೀನದಲ್ಲಿ ಕರಗಿಹೋಗಿದೆ, ಉಳಿದದ್ದು ಏರೋನಾಟಿಕ್ಸ್ ಇಂಡಿಯಾದ ನೋಂದಣಿ. ಈ ಸಂಖ್ಯೆಯನ್ನು ಕೇಂದ್ರ ಕಂಪನಿ ವ್ಯವಹಾರ ಸಚಿವಾಲಯದ mca.gov.in ತಾಣದಲ್ಲಿ ಹಾಕಿ, ನೋಂದಣಿಯ ತಾರೀಖನ್ನೂ ವಿಳಾಸವನ್ನೂ ತಾಳೆ ನೋಡಿ.

ಕೇಂದ್ರ ಕಚೇರಿ ಎಂದು ಬರೆಯುವ ಮೊದಲು, ನೋಂದಾಯಿತ ಕಚೇರಿಯೋ ಆಡಳಿತ ನಡೆಯುವ ಕಚೇರಿಯೋ ಎಂದು ತಿಳಿದುಕೊಳ್ಳಿ. ಟೈಟನ್‌ನ ನೋಂದಾಯಿತ ಕಚೇರಿ ತಮಿಳುನಾಡಿನ ಹೊಸೂರಿನಲ್ಲಿದೆ. ಕಾರ್ಪೊರೇಟ್ ಕಚೇರಿ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿದೆ. ಹೊಸೂರು ಎಂದವರೂ ಬೆಂಗಳೂರು ಎಂದವರೂ ಸುಳ್ಳು ಹೇಳಿಲ್ಲ, ಯಾವ ಕಚೇರಿ ಎಂದು ಬರೆಯದೆ ಬಿಟ್ಟಿದ್ದಾರೆ ಅಷ್ಟೇ. ನೀವು ಬಿಡಬೇಡಿ. ಎರಡನ್ನೂ ವಾರ್ಷಿಕ ವರದಿಯಲ್ಲಿ ನೋಡಿ ಬರೆಯಿರಿ.

ಮಾಡಬಾರದ್ದು

ಹತ್ತು ತಾಣಗಳು ಒಂದೇ ವರ್ಷ ಹೇಳುತ್ತಿವೆ ಎಂದು ಅದನ್ನು ಒಪ್ಪಬೇಡಿ. ಒಂದು ಕಡೆ ಬರೆದದ್ದನ್ನು ಒಂಬತ್ತು ಕಡೆ ನಕಲು ಮಾಡಿದ್ದರೆ ಸಾಕ್ಷಿ ಒಂದೇ. ವಾಕ್ಯ ಅಕ್ಷರಶಃ ಒಂದೇ ಇದ್ದರೆ, ಕಾಗುಣಿತದ ತಪ್ಪೂ ಒಂದೇ ಇದ್ದರೆ ನಕಲೆಂದೇ ತಿಳಿಯಿರಿ.

ಗುರುತಿನ ಸಂಖ್ಯೆಯ ರಾಜ್ಯದ ಅಕ್ಷರಗಳನ್ನು ಕಂಪನಿ ಹುಟ್ಟಿದ ಊರೆಂದು ಓದಬೇಡಿ. ನೋಂದಾಯಿತ ಕಚೇರಿ ಬೇರೆ ರಾಜ್ಯಕ್ಕೆ ಹೋದರೆ ಆ ಅಕ್ಷರ ಬದಲಾಗುತ್ತದೆ, ವರ್ಷ ಬದಲಾಗುವುದಿಲ್ಲ. ವಿಪ್ರೊದ ಸಂಖ್ಯೆಯಲ್ಲಿ KA1945 ಎಂದಿದೆ. ಆದರೆ ಅದರ ಎಣ್ಣೆಯ ಗಿರಣಿ ಶುರುವಾದದ್ದು ಮಹಾರಾಷ್ಟ್ರದ ಅಮಳನೇರಿನಲ್ಲಿ. ಇನ್ಫೋಸಿಸ್‌ನದು KA1981, 1981ರಲ್ಲಿ ಅದು ಪುಣೆಯಲ್ಲಿತ್ತು, ಬೆಂಗಳೂರಿಗೆ ಬಂದದ್ದು 1983ರಲ್ಲಿ.

ಆ ಸಂಖ್ಯೆಯ ವರ್ಷವನ್ನೇ ಎಲ್ಲ ಪ್ರಶ್ನೆಗೂ ಉತ್ತರವಾಗಿ ಬಳಸಬೇಡಿ. ಟಿಸಿಎಸ್‌ನದು 1995 ಎನ್ನುತ್ತದೆ. ಆದರೆ ಟಿಸಿಎಸ್ 1968ರಿಂದಲೇ ಟಾಟಾ ಸನ್ಸ್‌ನ ಒಂದು ವಿಭಾಗವಾಗಿ ಕೆಲಸ ಮಾಡುತ್ತಿತ್ತು. 1995 ಮಾತ್ರ ಬರೆದರೆ 27 ವರ್ಷದ ದುಡಿಮೆಯೇ ಅಳಿಸಿಹೋಗುತ್ತದೆ. ಅಂಥ ಕಡೆ ಎರಡೂ ವರ್ಷ ಕೊಡಿ, ಯಾವುದು ಏನೆಂದು ಪಕ್ಕದಲ್ಲೇ ಹೇಳಿ: ‘ಆರಂಭ 1968, ಪ್ರತ್ಯೇಕ ಕಂಪನಿಯಾಗಿ ನೋಂದಣಿ 1995’.

ಪುಟದ ಅಡಿಯಲ್ಲಿರುವ ಹಕ್ಕುಸ್ವಾಮ್ಯದ ವರ್ಷ, ನಕ್ಷೆಯ ಮೇಲೆ ಮೊದಲು ಕಾಣುವ ಕಟ್ಟಡ: ಇವೆರಡನ್ನೂ ಆಧಾರವಾಗಿ ಯಾವತ್ತೂ ತೆಗೆದುಕೊಳ್ಳಬೇಡಿ.