ನೀರಾಗಿ ಹೋಗುತ್ತಿದ್ದರೂ ಒಳಗೆ ಕಟ್ಟಿಕೊಂಡಿರಬಹುದು

ಪ್ರಶ್ನೆ: ನಮ್ಮ ಅತ್ತಿಗೆ 74 ವರ್ಷ. ಅಂಗಳದಾಗ ಬಿದ್ದು ಚಪ್ಪಿ ಎಲುಬು ಮುರೀತು. ಆಪರೇಷನ್ ಆಗಿ ಮನಿಗೆ ಬಂದು ಒಂದೂವರೆ ತಿಂಗಳಾತು. ಮೊದಮೊದಲು ಸಂಡಾಸ ಸರಿಯಾಗಿ ಆಗತಿರಲಿಲ್ಲ. ಈಗ ಹತ್ತು ದಿನದಿಂದ ನೀರಿನಂಗ ಹೊಂಟದ. ಹಾಸಿಗ್ಯಾಗ ಆಗ್ತದ, ಆಕಿಗೆ ಗೊತ್ತೇ ಆಗೂದಿಲ್ಲ. ದಿನಕ್ಕ ಆರೇಳು ಸಲ ಸೀರಿ ಬದಲಸ್ತೀನಿ. ಮೆಡಿಕಲ್‌ನಿಂದ ಜುಲಾಬು ನಿಲ್ಲೂ ಗುಳಿಗಿ ತಂದು ಕೊಟ್ಟೆ. ಎರಡು ದಿನ ನಿಂತಂಗಾಗಿ ಮತ್ತ ಶುರುವಾತು. ಊಟ, ನೀರು ಕಮ್ಮಿ ಮಾಡೇನಿ. ನಮ್ಮ ಮನಿಯವರು ‘ಬೇಕಂತ ಮಾಡ್ತಾಳ’ ಅಂತಾರ. ಮೊನ್ನೆ ನಾನೂ ಸಿಟ್ಟಿನಾಗ ಬೈದೆ. ಆಕಿ ಗ್ವಾಡಿ ಕಡೆ ಹೊಳ್ಳಿ ಅತ್ತಳು. ನಾ ಏನ್ ಮಾಡ್ಲಿ?
— ಒಬ್ಬ ಸೊಸೆ, ಯಂಕಂಚಿ

ಉತ್ತರ: ತಂಗಿ, ಮೊದಲು ಆ ಸಿಟ್ಟಿನ ಮಾತು ಆಡಿಬಿಡೋಣ. ಒಗೆದು ಹಾಕಿದ ಸೀರೆ ಒಣಗುವ ಮೊದಲೇ ಇನ್ನೊಂದು ಸೀರೆ ತೋಯುವ ಮನೆಯಲ್ಲಿ, ರಾತ್ರಿ ನಿದ್ದೆಯೂ ಇಲ್ಲದೆ ದುಡಿಯುವವರಿಗೆ ತಾಳ್ಮೆ ಕೆಡುವುದು ಸಹಜ. ನೀವು ಕೆಟ್ಟವರಾಗಿ ಬೈದದ್ದಲ್ಲ, ದಣಿದು ಬೈದದ್ದು. ಬೈದದ್ದನ್ನು ಮುಚ್ಚಿಡದೆ ಬರೆದಿದ್ದೀರಿ, ಅವರ ಕಣ್ಣೀರನ್ನೂ ಗಮನಿಸಿದ್ದೀರಿ. ಅಷ್ಟು ಸಾಕು. ಅತ್ತೆಯವರಿಗೂ ಒಳಗೊಳಗೇ ಸಂಕಟವಿದೆ. ಸೊಸೆಯ ಕೈಯಲ್ಲಿ ಇದನ್ನೆಲ್ಲ ಮಾಡಿಸಿಕೊಳ್ಳಬೇಕಾಯಿತಲ್ಲ ಎಂಬ ನಾಚಿಕೆ, ಬೈಗುಳಕ್ಕಿಂತ ಹೆಚ್ಚು ಅವರನ್ನು ಅಳಿಸಿರಬಹುದು.

ಈಗ ಮುಖ್ಯ ವಿಷಯ. ನೀವು ಜುಲಾಬು ಎಂದುಕೊಂಡಿರುವುದು ಜುಲಾಬು ಅಲ್ಲದೇ ಇರಬಹುದು. ‘ಮೊದಮೊದಲು ಸಂಡಾಸ ಸರಿಯಾಗಿ ಆಗತಿರಲಿಲ್ಲ’ ಎಂದು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನನ್ನ ಕಣ್ಣು ನಿಂತದ್ದು ಅಲ್ಲೇ. ಹಾಸಿಗೆ ಹಿಡಿದವರಲ್ಲಿ ಹಲವು ದಿನ ಹೊರಬರದ ಮಲ ದೊಡ್ಡ ಕರುಳಿನ ಕೊನೆಯಲ್ಲಿ, ಗುದದ್ವಾರಕ್ಕೆ ಸ್ವಲ್ಪ ಮೇಲೆ, ಒಣಗಿ ಗಟ್ಟಿ ಉಂಡೆಯಾಗಿ ಕೂರುತ್ತದೆ. ಕರುಳು ನೀರು ಹೀರುತ್ತಲೇ ಇರುವುದರಿಂದ ದಿನ ಕಳೆದಂತೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಮೇಲಿನಿಂದ ಬರುವ ತೆಳುವಾದ ಮಲಕ್ಕೆ ದಾರಿ ಇರುವುದಿಲ್ಲ. ಕಾಲುವೆಗೆ ದೊಡ್ಡ ಕಲ್ಲು ಅಡ್ಡ ಬಿದ್ದರೆ ನೀರು ಪಕ್ಕದ ಸಂದಿಯಲ್ಲಿ ನುಸುಳಿಕೊಂಡು ಹೋಗುತ್ತದಲ್ಲ, ಹಾಗೆಯೇ ಅದು ಉಂಡೆಯ ಸುತ್ತ ಜಾರಿ ಹೊರಗೆ ಸೋರುತ್ತದೆ. ನೋಡುವವರಿಗೆ ಭೇದಿ, ಒಳಗೆ ಇರುವುದು ಕಟ್ಟಿದ ಹೊಟ್ಟೆ.

‘ಆಕಿಗೆ ಗೊತ್ತೇ ಆಗೂದಿಲ್ಲ’ ಎನ್ನುವುದಕ್ಕೂ ಕಾರಣ ಇದೇ. ಗುದದ್ವಾರದ ಒಳಗಿನ ಸ್ನಾಯುಬಳೆ ನಮ್ಮ ಹಿಡಿತದಲ್ಲಿಲ್ಲ. ಮೇಲೆ ಮಲ ತುಂಬಿದಾಗ ಅದು ತಾನಾಗಿ ಸಡಿಲವಾಗುತ್ತದೆ. ಉಂಡೆ ದಿನಗಟ್ಟಲೆ ಅಲ್ಲೇ ಕೂತರೆ ಬಳೆ ಸಡಿಲವಾಗಿಯೇ ಉಳಿಯುತ್ತದೆ. ಜೊತೆಗೆ ಹಿಗ್ಗಿದ ಕರುಳಿಗೆ ‘ಬಂತು’ ಎಂಬ ಸುಳಿವು ಕೊಡುವ ಶಕ್ತಿ ಕುಂದುತ್ತದೆ. ಆದ್ದರಿಂದ ನಿಮ್ಮ ಮನೆಯವರಿಗೆ ಇದನ್ನು ಓದಿ ಹೇಳಿ: ಅವರ ತಾಯಿ ಬೇಕಂತ ಮಾಡುತ್ತಿಲ್ಲ. ತಡೆದುಕೊಳ್ಳಬೇಕೆಂದರೂ ತಡೆದುಕೊಳ್ಳುವ ಶಕ್ತಿ ಈಗ ಅವರಲ್ಲಿ ಇಲ್ಲ.

ಹಾಗಾದರೆ ಆ ಗುಳಿಗೆ ಏನು ಮಾಡಿತು? ಜುಲಾಬು ನಿಲ್ಲಿಸುವ ಲೋಪೆರಮೈಡ್‌ನಂಥ ಗುಳಿಗೆಗಳು ಕರುಳಿನ ಚಲನೆಯನ್ನು ನಿಧಾನ ಮಾಡುತ್ತವೆ. ಎರಡು ದಿನ ಸೋರುವುದು ಕಡಿಮೆಯಾಯಿತು, ಆದರೆ ಒಳಗಿನ ಉಂಡೆಗೆ ಒಣಗಲು ಇನ್ನೆರಡು ದಿನ ಸಿಕ್ಕಿತು. ಊಟ, ನೀರು ಕಡಿಮೆ ಮಾಡಿದ್ದರಿಂದ ಆದದ್ದೂ ಅದೇ. ಭೇದಿಗೆ ಹೀಗೆ ಮಾಡುವುದು ನಮ್ಮ ಮನೆಗಳ ರೂಢಿ, ಅದಕ್ಕೆ ನಿಮ್ಮನ್ನು ಬೈದುಕೊಳ್ಳಬೇಡಿ. ಇವತ್ತಿನಿಂದ ಆ ಗುಳಿಗೆ ನಿಲ್ಲಿಸಿ, ಕುಡಿಯಲು ನೀರು ಕೊಡಿ.

ಇದು ನಿಜವಾದ ಭೇದಿಯೋ ತುಂಬಿ ಸೋರುವುದೋ ಎಂದು ಖಚಿತವಾಗಿ ಹೇಳುವುದು ವೈದ್ಯರ ಕೆಲಸ. ಆದರೂ ಮನೆಯಲ್ಲಿ ಕೆಲವು ಸಂಗತಿ ಗಮನಿಸಬಹುದು. ಭೇದಿಯಲ್ಲಿ ಹೊಟ್ಟೆ ಮುರಿದು, ಅವಸರವಾಗಿ, ಒಮ್ಮೆಲೇ ಬಹಳ ಹೋಗುತ್ತದೆ. ಇಲ್ಲಿ ಸ್ವಲ್ಪ ಸ್ವಲ್ಪವೇ, ಕಂದು ಬಣ್ಣದ ನೀರಿನಂತೆ, ಬಟ್ಟೆಗೆ ಕಲೆ ಹಿಡಿಯುವಂತೆ, ದಿನವಿಡೀ ಜಿನುಗುತ್ತದೆ. ಹೊಟ್ಟೆ ಉಬ್ಬಿರುತ್ತದೆ. ಎಡಗಡೆ ಕೆಳಹೊಟ್ಟೆಯ ಮೇಲೆ ಮೆಲ್ಲಗೆ ಕೈ ಆಡಿಸಿದರೆ ಕೆಲವರಲ್ಲಿ ಗಟ್ಟಿ ಗಂಟು ಸಿಗುತ್ತದೆ. ಹಸಿವು ಹೋಗುತ್ತದೆ, ವಾಕರಿಕೆ ಬರುತ್ತದೆ. ಮೂತ್ರ ಸರಿಯಾಗಿ ಹೋಗದೆ ಕಟ್ಟುವುದೂ ಉಂಟು, ಏಕೆಂದರೆ ಉಂಡೆ ಮೂತ್ರಚೀಲದ ದಾರಿಯನ್ನು ಒತ್ತುತ್ತದೆ. ವಯಸ್ಸಾದವರು ಇದ್ದಕ್ಕಿದ್ದಂತೆ ಅಸಂಬದ್ಧ ಮಾತಾಡತೊಡಗಿದರೆ ‘ಅರಳು ಮರಳು’ ಎಂದು ಬಿಡಬೇಡಿ, ಕಟ್ಟಿದ ಹೊಟ್ಟೆಯಿಂದಲೂ ಹಾಗಾಗಬಹುದು.

ನಾಳೆಯೇ ಅವರನ್ನು ಸಿಂದಗಿಯ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಗುಳಿಗೆಗಳ ಚೀಟಿಯನ್ನೂ, ನೀವು ಕೊಟ್ಟ ಜುಲಾಬಿನ ಗುಳಿಗೆಯ ಖಾಲಿ ಪಟ್ಟಿಯನ್ನೂ ಚೀಲದಲ್ಲಿ ಹಾಕಿಕೊಳ್ಳಿ. ‘ಜುಲಾಬು ಆಗಿದೆ’ ಎಂದಷ್ಟೇ ಹೇಳಿದರೆ ಮತ್ತೊಂದು ಜುಲಾಬಿನ ಗುಳಿಗೆ ಬರೆದುಕೊಡುವ ಸಂಭವವಿದೆ. ಅದರ ಬದಲು ಹೀಗೆ ಹೇಳಿ: ‘ಮೊದಲು ಹಲವು ದಿನ ಸಂಡಾಸ ಆಗಿರಲಿಲ್ಲ, ಈಗ ನೀರು ಜಿನುಗುತ್ತಿದೆ, ಒಳಗೆ ಕಟ್ಟಿದೆಯೇ ಪರೀಕ್ಷೆ ಮಾಡಿ.’ ವೈದ್ಯರು ಕೈಗವಸು ಹಾಕಿ, ಜಾರುವ ಜೆಲ್ಲಿ ಹಚ್ಚಿ, ಬೆರಳಿನಿಂದ ಪರೀಕ್ಷಿಸುತ್ತಾರೆ. ಒಂದೆರಡು ನಿಮಿಷದ ಕೆಲಸ. ಸಂಕೋಚಕ್ಕೆ ಇದನ್ನು ಬಿಟ್ಟರೆ ಕಾಯಿಲೆಯೇ ತಪ್ಪಿಹೋಗುತ್ತದೆ, ಆದ್ದರಿಂದ ಅತ್ತೆಯವರಿಗೆ ಮೊದಲೇ ತಿಳಿಸಿ, ಬೇಕಾದರೆ ಮಹಿಳಾ ವೈದ್ಯರನ್ನು ಕೇಳಿ. ಬೆರಳಿಗೆ ಏನೂ ಸಿಗದಿದ್ದರೆ ಉಂಡೆ ಇಲ್ಲವೆಂದು ಅರ್ಥವಲ್ಲ, ಇನ್ನೂ ಮೇಲೆ ಇರಬಹುದು. ಆಗ ಹೊಟ್ಟೆಯ ಎಕ್ಸ್‌ರೇ ಬೇಕಾಗುತ್ತದೆ.

ಚಿಕಿತ್ಸೆಗೆ ಒಂದು ಕ್ರಮವಿದೆ. ಉಂಡೆ ಕೆಳಗೇ ಕೂತಿದ್ದರೆ ಮೊದಲು ಕೆಳಗಿನಿಂದ ದಾರಿ ಬಿಡಿಸುತ್ತಾರೆ. ಗ್ಲಿಸರಿನ್ ಬತ್ತಿ ಅಥವಾ ಎನಿಮಾ ಕೊಟ್ಟು ಮೆತ್ತಗೆ ಮಾಡುತ್ತಾರೆ, ಬಹಳ ಗಟ್ಟಿಯಾಗಿದ್ದರೆ ನೋವು ತಗ್ಗಿಸಿ ವೈದ್ಯರೋ ನರ್ಸೋ ಬೆರಳಿನಿಂದ ಸ್ವಲ್ಪ ಸ್ವಲ್ಪವಾಗಿ ಒಡೆದು ತೆಗೆಯುತ್ತಾರೆ. ಆಮೇಲೆ ಬಾಯಿಯಿಂದ ಔಷಧಿ. ಸಾಮಾನ್ಯವಾಗಿ ಕೊಡುವುದು ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪುಡಿ. ನೀರಿನಲ್ಲಿ ಕಲಸಿ ಕುಡಿದರೆ ಆ ನೀರನ್ನು ಕರುಳಿಗೆ ಹೀರಲು ಬಿಡದೆ ಮಲದೊಳಗೇ ಹಿಡಿದಿಡುತ್ತದೆ. ಕಟ್ಟಿದ್ದನ್ನು ಕರಗಿಸಲು ಕೆಲವು ದಿನ ಮಾಮೂಲಿಗಿಂತ ಹೆಚ್ಚು ಪ್ರಮಾಣ ಬೇಕಾಗುತ್ತದೆ. ಹೃದಯ, ಕಿಡ್ನಿ ನೋಡಿ ವೈದ್ಯರೇ ಅದನ್ನು ಗೊತ್ತು ಮಾಡಬೇಕು.

ಇಲ್ಲೇ ಬಹಳ ಮನೆಗಳವರು ಎಡವುತ್ತಾರೆ. ಪುಡಿ ಶುರು ಮಾಡಿದ ಮೊದಲ ಎರಡು ಮೂರು ದಿನ ಸೋರುವುದು ಹೆಚ್ಚಾಗುತ್ತದೆ, ದುರ್ವಾಸನೆಯ ಮಲ ಗಡ್ಡೆಗಡ್ಡೆಯಾಗಿ ಬರುತ್ತದೆ. ‘ಮೊದಲೇ ಜುಲಾಬು, ಅದರ ಮೇಲೆ ಇದೊಂದು’ ಎಂದು ಅರ್ಧಕ್ಕೆ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಬೇಡಿ, ಉಂಡೆ ಕರಗುತ್ತಿದೆ ಎಂದು ಅದರ ಅರ್ಥ. ಆ ಮೂರು ದಿನಕ್ಕೆ ಹಳೆಯ ಬಟ್ಟೆ, ಪ್ಲಾಸ್ಟಿಕ್ ಹಾಸು, ದೊಡ್ಡವರ ಡೈಪರ್ ಮೊದಲೇ ಹೊಂದಿಸಿಕೊಳ್ಳಿ. ತೋಯ್ದಾಗ ನೀರಿನಿಂದ ತೊಳೆದು, ಉಜ್ಜದೆ ಮೆತ್ತನೆಯ ಬಟ್ಟೆ ಒತ್ತಿ ಒರೆಸಿ, ಜಿಂಕ್ ಮುಲಾಮು ಹಚ್ಚಿ. ಇಲ್ಲದಿದ್ದರೆ ಚರ್ಮ ಹುಣ್ಣಾಗುತ್ತದೆ. ನಿಮ್ಮ ಮನೆಯವರು ಆ ಮೂರು ದಿನವಾದರೂ ರಾತ್ರಿಯ ಪಾಳಿ ವಹಿಸಿಕೊಳ್ಳಲಿ. ತಾಯಿಯನ್ನು ಹೊರಳಿಸುವಾಗ ಇಬ್ಬರು ಇದ್ದರೆ ಮುರಿದ ಎಲುಬಿಗೂ ಕ್ಷೇಮ.

ಹಿರಿಯರು ಔಡಲ ಎಣ್ಣೆ ಕುಡಿಸಿ ಎನ್ನಬಹುದು. ಉಂಡೆ ಅಡ್ಡ ಇರುವಾಗ ಕರುಳನ್ನು ಹಾಗೆ ಹಿಂಡಿಸಿದರೆ ತೀವ್ರ ನೋವಾಗುತ್ತದೆ, ಅಪಾಯವೂ ಇದೆ. ಇಸಬಗೋಲವೂ ಈಗ ಬೇಡ. ಅದು ನೀರು ಹೀರಿ ಉಬ್ಬುವ ವಸ್ತು, ದಾರಿಯೇ ಇಲ್ಲದ ಕಡೆ ಇನ್ನಷ್ಟು ತುಂಬಿದಂತಾಗುತ್ತದೆ. ಸೋಪಿನ ನೀರಿನ ಎನಿಮಾವನ್ನಾಗಲಿ, ಬೆರಳಿನಿಂದ ತೆಗೆಯುವುದನ್ನಾಗಲಿ ಮನೆಯಲ್ಲಿ ಪ್ರಯತ್ನಿಸಬೇಡಿ. ದೀರ್ಘಕಾಲ ಉಂಡೆ ಒತ್ತಿದ ಕರುಳಿನ ಗೋಡೆ ಒಳಗೆ ಹುಣ್ಣಾಗಿ ತೆಳುವಾಗಿರಬಹುದು.

ಇನ್ನು ನಾಳೆಯವರೆಗೂ ಕಾಯಬಾರದ ಲಕ್ಷಣಗಳಿವೆ. ಮೇಲಿಂದ ಮೇಲೆ ವಾಂತಿ, ಹೊಟ್ಟೆ ಹಲಗೆಯಂತೆ ಬಿಗಿದು ತೀವ್ರ ನೋವು, ಗಾಳಿಯೂ ಹೊರಗೆ ಹೋಗದಿರುವುದು, ಜ್ವರ, ಮಲದಲ್ಲಿ ರಕ್ತ, ದಿನವಿಡೀ ಮೂತ್ರ ಇಲ್ಲದಿರುವುದು, ಮಂಪರು. ಇವುಗಳಲ್ಲಿ ಯಾವುದು ಕಂಡರೂ ಆಗಲೇ 108ಕ್ಕೆ ಫೋನ್ ಮಾಡಿ. ಅಂಥ ಸ್ಥಿತಿಗೆ ಶಸ್ತ್ರವೈದ್ಯರು ಬೇಕಾಗಬಹುದು, ವಿಜಯಪುರಕ್ಕೆ ಕಳಿಸಿದರೆ ಹಿಂದೆ ಮುಂದೆ ನೋಡಬೇಡಿ.

ಕಟ್ಟಿದ್ದು ಹೋದ ಮೇಲೆ ಮತ್ತೆ ಕಟ್ಟದಂತೆ ನೋಡುವುದೇ ನಿಜವಾದ ಕೆಲಸ. ಆಪರೇಷನ್ ಆದವರಿಗೆ ನೋವಿಗೆಂದು ಕೊಡುವ ಟ್ರಮಡಾಲ್, ರಕ್ತ ಹೆಚ್ಚಲು ಕೊಡುವ ಕಬ್ಬಿಣದ ಗುಳಿಗೆ, ಎಲುಬಿಗೆ ಕೊಡುವ ಕ್ಯಾಲ್ಸಿಯಂ, ಈ ಮೂರೂ ಹೊಟ್ಟೆ ಕಟ್ಟಿಸುತ್ತವೆ. ನೀವೇ ನಿಲ್ಲಿಸಬೇಡಿ, ‘ಇವುಗಳಲ್ಲಿ ಯಾವುದು ಇನ್ನೂ ಬೇಕು?’ ಎಂದು ವೈದ್ಯರನ್ನು ಕೇಳಿ. ಹಿಗ್ಗಿದ ಕರುಳಿಗೆ ಮೊದಲಿನ ಕಸುವು ಬರಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಅಲ್ಲಿಯವರೆಗೆ ಪುಡಿಯನ್ನು ಕಡಿಮೆ ಪ್ರಮಾಣದಲ್ಲಿ ಮುಂದುವರಿಸಲು ಹೇಳುತ್ತಾರೆ. ಸಂಡಾಸ ಸರಿಯಾಯಿತೆಂದು ನಡುವೆ ಬಿಡಬೇಡಿ.

ಎತ್ತಿ ಕೂರಿಸಲು ನಿಮಗೆ ತೊಂದರೆಯಾಗುತ್ತದೆಂದು ಅತ್ತೆಯವರೇ ನೀರು ಬಿಡುತ್ತಿರಬಹುದು, ಒಮ್ಮೆ ಮೆಲ್ಲಗೆ ಕೇಳಿ. ನೀರು ಒಲ್ಲೆ ಎಂದರೆ ಮಜ್ಜಿಗೆ, ಅಂಬಲಿ, ತೆಳು ಸಾರು ಕೊಡಿ. ಬೆಳಿಗ್ಗೆ ಚಹಾ, ನಾಷ್ಟಾ ಆಗಿ ಅರ್ಧ ಗಂಟೆಯೊಳಗೆ ದೊಡ್ಡ ಕರುಳು ತಾನಾಗಿ ಚುರುಕಾಗುತ್ತದೆ. ಹೊಟ್ಟೆ ಒತ್ತಲಿ ಬಿಡಲಿ, ದಿನಾ ಅದೇ ಹೊತ್ತಿಗೆ ನಡುವೆ ತೂತಿರುವ ಕಮೋಡ್ ಕುರ್ಚಿಯಲ್ಲಿ ಕೂರಿಸಿ, ಬಾಗಿಲು ಮುಂದೆ ಮಾಡಿ ಹತ್ತು ನಿಮಿಷ ಒಬ್ಬರನ್ನೇ ಬಿಡಿ, ಕೂಗಿದರೆ ಕೇಳುವಷ್ಟು ಹತ್ತಿರ ಇರಿ. ಮಲಗಿದಲ್ಲೇ, ಮನೆಮಂದಿಯ ಕಣ್ಣೆದುರು ಯಾರಿಗೂ ಆಗುವುದಿಲ್ಲ. ಕುಕ್ಕರುಗಾಲಲ್ಲಿ ಮಾತ್ರ ಕೂರಿಸಬೇಡಿ. ಮೊಣಕಾಲು ಎಷ್ಟು ಎತ್ತರಕ್ಕೆ ಬರಬಹುದೆಂದು ಆಪರೇಷನ್ ಮಾಡಿದ ವೈದ್ಯರನ್ನು ಕೇಳಿಕೊಳ್ಳಿ.

ಗೋಡೆಯ ಕ್ಯಾಲೆಂಡರಿನಲ್ಲಿ ಸಂಡಾಸ ಆದ ದಿನಕ್ಕೆ ಗುರುತು ಹಾಕಿ, ಗಟ್ಟಿಯೋ ಮೆತ್ತಗೋ ಒಂದು ಅಕ್ಷರ ಬರೆಯಿರಿ. ಸುಮ್ಮನೆ ನೀರು ಜಿನುಗಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮೂರು ದಿನ ಗುರುತು ಬೀಳದಿದ್ದರೆ ನಾಲ್ಕನೆಯ ದಿನಕ್ಕೆ ಕಾಯದೆ ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ತಿಳಿಸಿ, ಇಲ್ಲವೇ 104ಕ್ಕೆ ಫೋನ್ ಮಾಡಿ ಸಲಹೆ ಕೇಳಿ. ಹಿರಿಯರ ಆರೈಕೆಯ ಬಗ್ಗೆ ಮಾತಾಡಲು 14567 ಸಹಾಯವಾಣಿ ಇದೆ. ನಿಮಗೇ ನಿದ್ದೆ ಬಾರದೆ, ಸುಮ್ಮಸುಮ್ಮನೆ ಅಳು ಬರುತ್ತಿದ್ದರೆ 14416ಕ್ಕೆ ಮಾಡಿ, ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ.