ಫೇಲಾದದ್ದನ್ನು ಬರೆಯುವುದು: ಒಬ್ಬ ಮೇಷ್ಟ್ರ ಪಾಠಗಳು

ದ್ವಿತೀಯ ಪಿಯುಸಿ ಪರೀಕ್ಷೆ-1ರ ಫಲಿತಾಂಶ ಬಂದಮೇಲೆ ಪರೀಕ್ಷೆ-2ಕ್ಕೆ ಸಿಗುವ ಕಾಲ ಕೆಲವೇ ವಾರ. ಆ ನಡುವೆ, ಫೇಲಾದ ಮಕ್ಕಳಿಂದ ಒಂದು ಪುಟ ಬರೆಸುವ ಅಭ್ಯಾಸ ಇಟ್ಟುಕೊಂಡಿದ್ದೇನೆ. ನಾನು ಕನ್ನಡದ ಮೇಷ್ಟ್ರು, ಅವರು ಫೇಲಾಗುವುದು ಹೆಚ್ಚಾಗಿ ಫಿಸಿಕ್ಸಿನಲ್ಲಿ, ಮ್ಯಾಥ್ಸಿನಲ್ಲಿ. ಹಾಗಾಗಿ ನನಗೆ ಹೆದರಬೇಕಾದ್ದಿಲ್ಲ ಎಂದು ಬರೆಯುತ್ತಾರೋ ಏನೋ.

1. ಫಲಿತಾಂಶದ ದಿನ ಬರೆಸಬಾರದು

ಅಂದು ಮನೆಯಲ್ಲಿ ಫೋನುಗಳು, ನೆಂಟರು, ಅಳು. ಅಂದು ಬರೆದದ್ದೆಲ್ಲ ಒಂದೋ ಶಾಪ, ಇಲ್ಲವೋ ಶಪಥ. ಮೂರು ನಾಲ್ಕು ದಿನ ಬಿಟ್ಟು ಬರೆಸುತ್ತೇನೆ. ಮಗು ಊಟ ಬಿಟ್ಟಿದ್ದರೆ, 'ನಾನಿರಬಾರದು' ಎಂಬ ಅರ್ಥದ ಮಾತಾಡುತ್ತಿದ್ದರೆ ಕಾಗದ, ಪೆನ್ನು ಪಕ್ಕಕ್ಕಿಡಬೇಕು. ಒಂಟಿಯಾಗಿ ಬಿಡದೆ ಜೊತೆಗೆ ಕೂರಬೇಕು. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

2. ಕತೆಗಿಂತ ಮೊದಲು ಉತ್ತರ ಪತ್ರಿಕೆ

ಶುಲ್ಕ ಕಟ್ಟಿದರೆ ಮಂಡಳಿ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ಕೊಡುತ್ತದೆ. ಅದನ್ನು ಮರುಮೌಲ್ಯಮಾಪನಕ್ಕೆ ಹಾಕಲೆಂದೇ ತರಿಸುವವರು ಬಹಳ. ನಾನು ಅದನ್ನು ಓದಲು ತರಿಸುತ್ತೇನೆ.

ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಫಿಸಿಕ್ಸ್ ಥಿಯರಿಯಲ್ಲಿ 70ಕ್ಕೆ 16, ಪ್ರಾಕ್ಟಿಕಲ್ಸಿನಲ್ಲಿ 30ಕ್ಕೆ 28. ಒಟ್ಟು 44 ಆದರೂ ಆಗಿನ ನಿಯಮದಂತೆ ಥಿಯರಿಯಲ್ಲೇ 21 ಬೇಕಿತ್ತು. ಅವಳು ಮೊದಲು ಬರೆದುಕೊಟ್ಟದ್ದು ಇದು: "44 ಬಂದರೂ ಫೇಲ್ ಮಾಡಿದರು. ಪೇಪರ್ ಕಷ್ಟ ಇತ್ತು. ಟೈಮ್ ಸಾಲಲಿಲ್ಲ. ಅಪ್ಪ ಆಸ್ಪತ್ರೆಯಲ್ಲಿದ್ದರು. ನಾನು ದಡ್ಡಿ."

ಐದು ವಾಕ್ಯ. ಪತ್ರಿಕೆ ಮುಂದಿಟ್ಟುಕೊಂಡು ಒಂದೊಂದನ್ನೇ ಪರೀಕ್ಷಿಸಿದೆವು. ಒಂದು ಅಂಕದ ಪ್ರಶ್ನೆಗಳಲ್ಲಿ 20ಕ್ಕೆ 9, ಎರಡಂಕದವುಗಳಲ್ಲಿ 3, ಮೂರಂಕದವುಗಳಲ್ಲಿ 2, ಐದಂಕದ ದೊಡ್ಡ ಉತ್ತರಗಳಲ್ಲಿ 2. ಐದೈದು ಅಂಕದ ಎರಡು ಲೆಕ್ಕಗಳನ್ನು ಮುಟ್ಟಿಯೇ ಇರಲಿಲ್ಲ.

ಟೈಮ್ ಸಾಲದವರ ಪತ್ರಿಕೆ ನೋಡಿದರೆ ಗೊತ್ತಾಗುತ್ತದೆ. ಕೊನೆಯ ಪುಟಗಳಲ್ಲಿ ಅಕ್ಷರ ಓಡುತ್ತದೆ, ಕೊನೆಯ ಉತ್ತರ ವಾಕ್ಯದ ನಡುವೆಯೇ ನಿಂತಿರುತ್ತದೆ. ಇವಳ ಕೊನೆಯ ಉತ್ತರ ದುಂಡಗೆ ಮುಗಿದಿತ್ತು, ಕೆಳಗೆ ಸ್ಕೇಲಿಟ್ಟು ಗೆರೆ ಎಳೆದಿದ್ದಳು. ನಾನೇನೂ ಹೇಳಲಿಲ್ಲ. ಅವಳೇ ನೋಡಿ, "ಲೆಕ್ಕ ಬರ್ತಿರಲಿಲ್ಲ ಸರ್, ಪ್ರಾಕ್ಟೀಸ್ ಮಾಡಿರಲಿಲ್ಲ" ಎಂದಳು. 'ಟೈಮ್ ಸಾಲಲಿಲ್ಲ' ಹೊಡೆದು ಹಾಕಿ ಅದನ್ನೇ ಬರೆದಳು. 'ಫೇಲ್ ಮಾಡಿದರು' ಎಂಬುದೂ ಹೋಯಿತು. ಆ ಜಾಗಕ್ಕೆ '21 ಬೇಕಿತ್ತು, 16 ಬಂತು' ಎಂಬುದು ಬಂತು.

3. ಕಾರಣಕ್ಕೆ ತಾರೀಖು ಹಾಕಬೇಕು, ಅಂಕವನ್ನೂ ಹಚ್ಚಬೇಕು

ಅಪ್ಪ ಆಸ್ಪತ್ರೆಯಲ್ಲಿದ್ದದ್ದು ನಿಜ. ಅದನ್ನು ನೆಪ ಎಂದು ಅಳಿಸಲು ಹೇಳುವ ಮೇಷ್ಟ್ರುಗಳಿದ್ದಾರೆ. ಅದು ಕ್ರೌರ್ಯ, ಜೊತೆಗೆ ಸುಳ್ಳು ಕೂಡ. ನಡೆದದ್ದನ್ನು ಬಿಟ್ಟು ಬರೆದ ಪುಟ ಪ್ರಾಮಾಣಿಕ ಹೇಗಾದೀತು? ಯಾವಾಗ, ಎಷ್ಟು ದಿನ, ಆಗ ಯಾವ ಪಾಠ ತಪ್ಪಿತು ಎಂದಷ್ಟೇ ಕೇಳುತ್ತೇನೆ.

ಜನವರಿಯ ಮೊದಲ ಮೂರು ವಾರ. ತರಗತಿಯಲ್ಲಿ ಆಗ ನಡೆದದ್ದು ಪರಮಾಣು, ನ್ಯೂಕ್ಲಿಯಸ್, ಸೆಮಿಕಂಡಕ್ಟರ್ ಪಾಠಗಳು. ಅವುಗಳಿಂದ ಬಂದು ಅವಳು ಬಿಟ್ಟ ಪ್ರಶ್ನೆಗಳನ್ನು ಗುರುತು ಮಾಡಿದಾಗ ಸುಮಾರು 12 ಅಂಕ ಆಯಿತು. ಕಳೆದುಕೊಂಡದ್ದು ಒಟ್ಟು 54. ಕರೆಂಟ್ ಎಲೆಕ್ಟ್ರಿಸಿಟಿಯ ಲೆಕ್ಕ ಬಿಟ್ಟಿದ್ದಕ್ಕೆ ಆಸ್ಪತ್ರೆ ಕಾರಣವಲ್ಲ, ಆ ಪಾಠ ಮಳೆಗಾಲದಲ್ಲೇ ಮುಗಿದಿತ್ತು. ಹೀಗೆ ಅಪ್ಪನ ಕಾಯಿಲೆಗೆ ಅದರ ಪಾಲು ಸಿಕ್ಕಿತು, ಅದಕ್ಕಿಂತ ಹೆಚ್ಚಲ್ಲ. ಇದರಿಂದ ಹುಡುಗಿಗೆ ಹಗುರವಾದದ್ದನ್ನು ಕಂಡೆ. ಅಪ್ಪನ ಮೇಲೆ ಅಷ್ಟೂ ಭಾರ ಹಾಕಿದ್ದೇನೆಂಬ ಸಂಕಟ ಅವಳಿಗೆ ಒಳಗೇ ಇತ್ತು.

ಇಲ್ಲಿ ವಾಕ್ಯ ಕಟ್ಟುವುದರಲ್ಲಿ ಒಂದು ಎಚ್ಚರ ಬೇಕು. 'ನಾನು ಲೆಕ್ಕ ಮಾಡಿರಲಿಲ್ಲ, ಆದರೆ ಅಪ್ಪನಿಗೆ ಹುಷಾರಿರಲಿಲ್ಲ' ಎಂದರೆ ಎರಡನೆಯದು ಮೊದಲನೆಯದನ್ನು ನುಂಗುತ್ತದೆ. ತಿರುಗಿಸಿ ಬರೆದರೆ ಅಪ್ಪನ ಕಾಯಿಲೆ ಲೆಕ್ಕಕ್ಕಿಲ್ಲದಂತಾಗುತ್ತದೆ. ಎರಡನ್ನೂ ಬೇರೆ ಬೇರೆ ವಾಕ್ಯವಾಗಿ, ನಡುವೆ ಪೂರ್ಣವಿರಾಮ ಇಟ್ಟು ಬರೆಸುತ್ತೇನೆ.

4. 'ನಾನು ದಡ್ಡಿ' ಎಂಬುದೂ ನೆಪವೇ

ಇದನ್ನು ಒಪ್ಪಿಸುವುದು ಎಲ್ಲಕ್ಕಿಂತ ಕಷ್ಟ. ತಮ್ಮನ್ನು ತಾವು ಬೈದುಕೊಂಡರೆ ಜವಾಬ್ದಾರಿ ಹೊತ್ತಂತೆ ಎಂದು ಮಕ್ಕಳು ತಿಳಿದಿದ್ದಾರೆ, ಹಿರಿಯರು ಹಾಗೆ ಕಲಿಸಿದ್ದಾರೆ. ಆದರೆ ದಡ್ಡಿ ಎಂದು ತೀರ್ಮಾನವಾದಮೇಲೆ ಮಾಡಲು ಏನು ಉಳಿಯಿತು? ಪುಸ್ತಕ ತೆರೆಯುವುದೇ ಬೇಡ. ಲೆಕ್ಕ ಪ್ರಾಕ್ಟೀಸ್ ಮಾಡಿರಲಿಲ್ಲ ಎಂಬ ವಾಕ್ಯದಿಂದ ನಾಳೆಗೆ ಕೆಲಸ ಹುಟ್ಟುತ್ತದೆ. ದಡ್ಡಿ ಎಂಬುದರಿಂದ ಹುಟ್ಟುವುದಿಲ್ಲ.

ಹಾಗೆಂದು 'ನೀನು ಜಾಣೆ' ಎಂದು ಹೊಗಳಿದರೂ ಪ್ರಯೋಜನ ಕಾಣೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೆನಾ ಚೆನ್ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ವಿದ್ಯಾರ್ಥಿಗಳಿಗೆ ಮೊದಲು ಕಷ್ಟದ ಪದ ಪರೀಕ್ಷೆ ಕೊಟ್ಟರು. ಆಮೇಲೆ ಒಂದು ಗುಂಪಿಗೆ, ಇದು ಅನೇಕರಿಗೆ ಕಷ್ಟವಾಗುತ್ತದೆ, ನಿಮ್ಮ ಮೇಲೆ ನೀವು ಅತಿಯಾಗಿ ಕಠಿಣರಾಗಬೇಡಿ ಎಂದರು. ಇನ್ನೊಂದು ಗುಂಪಿಗೆ, ಇಲ್ಲಿ ಸೀಟು ಸಿಕ್ಕಿದೆಯೆಂದರೆ ನೀವು ಬುದ್ಧಿವಂತರೇ ಎಂದರು. ಎರಡನೇ ಪರೀಕ್ಷೆಗೆ ಹೆಚ್ಚು ಹೊತ್ತು ಓದಿದ್ದು ಮೊದಲ ಗುಂಪು. ತಮ್ಮ ಮೇಲೆ ತಾವೇ ಕರುಣೆ ತೋರಿದರೆ ಮಕ್ಕಳು ಸೋಮಾರಿಗಳಾಗುತ್ತಾರೆ ಎಂಬ ನಮ್ಮ ಸ್ಟಾಫ್ ರೂಮಿನ ನಂಬಿಕೆಗೆ ಇದು ವಿರುದ್ಧ. ಅಮೆರಿಕದ ಒಂದು ಅಧ್ಯಯನ ನಮ್ಮೂರಿಗೆ ಹಾಗೆಯೇ ಅನ್ವಯಿಸಬೇಕೆಂದಿಲ್ಲ. ನಾನು ಕಂಡದ್ದು ಮಾತ್ರ ಅದಕ್ಕೆ ಹೊಂದುತ್ತದೆ.

ಬರವಣಿಗೆಯಲ್ಲಿ ಈ ಕರುಣೆ ತರುವುದಕ್ಕೆ ಒಂದು ಉಪಾಯ: ಇದೇ ಅಂಕ ನಿನ್ನ ತಂಗಿಗೆ ಬಂದಿದ್ದರೆ ಏನು ಬರೆಯುತ್ತಿದ್ದೆ, ಅದನ್ನು ಬರೆ ಎನ್ನುವುದು. ಮೊದಲ ಸಲ ಎಲ್ಲರೂ ಬರೀ ಸಮಾಧಾನ ಬರೆಯುತ್ತಾರೆ, 'ಪರವಾಗಿಲ್ಲ ಬಿಡು' ಅಂತ. ಆಗ ವಾಪಸ್ ಕೊಟ್ಟು, ಲೆಕ್ಕ ಬಿಟ್ಟ ವಿಷಯ ತಂಗಿಗೆ ಹೇಳುವುದಿಲ್ಲವೇ ಎಂದು ಕೇಳುತ್ತೇನೆ. ಈ ಹುಡುಗಿಯ ಎರಡನೇ ಪ್ರತಿಯಲ್ಲಿ ಹೀಗಿತ್ತು: "ಜನವರಿಯಲ್ಲಿ ನೀನು ರಾತ್ರಿ ವಾರ್ಡಿನಲ್ಲಿ ಇದ್ದು ಬೆಳಿಗ್ಗೆ ಕಾಲೇಜಿಗೆ ಬಂದ ದಿನಗಳಿವೆ. ಅದು ಸುಲಭವಲ್ಲ. ಜೂನ್‌ನಿಂದ ಡಿಸೆಂಬರ್‌ವರೆಗೆ ನೀನು ಒಂದು ಲೆಕ್ಕವನ್ನೂ ಪೂರ್ತಿ ಮಾಡಲಿಲ್ಲ." ನಾನು ಒಂದಕ್ಷರ ತಿದ್ದಲಿಲ್ಲ.

5. ಕೊನೆಯಲ್ಲಿ ಶಪಥ ಬೇಡ

'ಇನ್ನು ಮೇಲೆ ಚೆನ್ನಾಗಿ ಓದುತ್ತೇನೆ' ಎಂಬ ಸಾಲು ಕಂಡರೆ ಕೆಂಪು ಗೆರೆ ಎಳೆಯುತ್ತೇನೆ. ಯಾವ ಪಾಠ, ಎಷ್ಟು ಲೆಕ್ಕ, ಯಾರ ಹತ್ತಿರ ಕೇಳುವುದು ಎಂದು ಬರೆಯಬೇಕು. ಅವಳು ಬರೆದದ್ದು: ಕೆಪಾಸಿಟರ್ ಮತ್ತು ಕರೆಂಟ್ ಎಲೆಕ್ಟ್ರಿಸಿಟಿ, ದಿನಕ್ಕೆ ಎರಡು ಲೆಕ್ಕ, ಹಳೆಯ ಪ್ರಶ್ನೆಪತ್ರಿಕೆಗಳಿಂದ, ಸಂಜೆ ಫಿಸಿಕ್ಸ್ ಮೇಡಂಗೆ ತೋರಿಸುವುದು.

6. ಮುಂದೆ ಯಾರಾದರೂ ಕೇಳಿದರೆ

ಡಿಗ್ರಿ ಪ್ರವೇಶದಲ್ಲೋ ಕೆಲಸದ ಸಂದರ್ಶನದಲ್ಲೋ ಕೇಳುವವರಿಗೆ ಇಡೀ ಪುಟ ಬೇಡ. ಏನಾಯಿತು, ಏನು ಬದಲಾಯಿಸಿದೆ, ಆಮೇಲೆ ಏನು ಬಂತು, ಮೂರು ವಾಕ್ಯ ಸಾಕು. ಅಪ್ಪನ ಕಾಯಿಲೆ ಹೇಳಬೇಕೋ ಬೇಡವೋ ಅವಳಿಷ್ಟ.

ಪರೀಕ್ಷೆ-2ರಲ್ಲಿ ಅವಳಿಗೆ ಥಿಯರಿಯಲ್ಲಿ 24 ಬಂತು. ಎರಡು ಲೆಕ್ಕದಲ್ಲಿ ಒಂದು ಪೂರ್ತಿ ಸರಿ, ಇನ್ನೊಂದು ಅರ್ಧಕ್ಕೆ ನಿಂತಿತ್ತು. ಸೆಮಿಕಂಡಕ್ಟರ್ ಪ್ರಶ್ನೆಯನ್ನು ಈ ಸಲವೂ ಬಿಟ್ಟಿದ್ದಳು.