ಹಸಿ ಸೊಪ್ಪು, ಬಸುರಿನ ವಾಂತಿ

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಿ ಎರಡು ತಿಂಗಳ ಬಸುರಿಗೆ ಬ್ಯಾರನ್ ವಾಸನೆ ತಾಕಿದರೂ ಹೊಟ್ಟೆ ತೊಳಸುತ್ತದೆ. ನಿನ್ನೆಯವರೆಗೆ ಚಪ್ಪರಿಸುತ್ತಿದ್ದ ಉಪ್ಸಾರಿನ ಬೆಳ್ಳುಳ್ಳಿ ಖಾರವೂ ಬೇಡವಾಗುತ್ತದೆ. ಇದು ಸೋಗಲ್ಲ, ಅತ್ತೆಯಂದಿರೇ. ಮುಖ್ಯವಾಗಿ ಮಾಸಿನಿಂದ ಬರುವ ಜಿಡಿಎಫ್-15 ಎಂಬ ಹಾರ್ಮೋನು ರಕ್ತದಲ್ಲಿ ಏರಿ ಮಿದುಳಿನ ವಾಂತಿಯ ಜಾಗವನ್ನು ಕೆಣಕುತ್ತದೆ. ಬಸುರಿಗೆ ಮುಂಚೆ ಅದು ಮೈಯಲ್ಲಿ ಕಡಿಮೆ ಇದ್ದವರಿಗೆ ಬಾಧೆ ಹೆಚ್ಚು. ಹೆಚ್ಚಿನವರಿಗೆ ನಾಲ್ಕೈದು ತಿಂಗಳಿಗೆ ಇಳಿಯುತ್ತದೆ.

ಆದರೆ ಇಬ್ಬನಿ ಕೂತ ಹಸಿ ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿದ ಮೇಲೆ ಅದೇ ದಿನ ವಾಂತಿಯ ಜೊತೆ ತಲೆನೋವು, ತಲೆಸುತ್ತು ಬಂದರೆ, ಚರ್ಮದಿಂದ ಒಳಹೊಕ್ಕ ನಿಕೋಟಿನ್ ಕಾರಣವಿರಬಹುದು. ಅದು ಮಗುವಿಗೂ ತಲುಪುತ್ತದೆ. ಬಸುರಿಯನ್ನು ಆ ಕೆಲಸದಿಂದ ಬಿಡಿಸಿ. ಕುಡಿದ ನೀರೂ ನಿಲ್ಲದೆ ಎಂಟು ಗಂಟೆ ಮೂತ್ರವಾಗದಿದ್ದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.